ಫೋನಿನಿಂದಲೇ ವೈಫೈ ಪಡೆಯುವ ಟಿವಿ ಸ್ಟಿಕ್: ವರ್ಷ ದಾಟಿದ ಮೇಲಿನ ಅನುಭವ

ರಿಮೋಟಿನ ಬಾಣ ಒತ್ತುತ್ತಾ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ತುಂಬುವ ಕಾಟ ಈ ಸ್ಟಿಕ್‌ನಲ್ಲಿ ಇಲ್ಲ. ಟಿವಿಯಲ್ಲಿ ಕ್ಯೂಆರ್ ಕೋಡ್ ಬರುತ್ತದೆ. ಫೋನಿನ ಆಪ್‌ನಲ್ಲಿ ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೆ ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಸ್ಟಿಕ್‌ಗೆ ಹೋಗುತ್ತವೆ. ಇದಕ್ಕೇ ಪೂರ್ತಿ ಅಂಕ ಕೊಡಬಹುದು.

ಫೋನಿನಲ್ಲಿ ಬ್ಲೂಟೂತ್ ಆನ್ ಇರಬೇಕು. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಆಪ್ ಲೊಕೇಶನ್ ಕೂಡ ಕೇಳಿತು. ಟಿವಿಗೂ ಲೊಕೇಶನ್‌ಗೂ ಏನು ಸಂಬಂಧ ಅನ್ನಿಸುತ್ತದೆ, ಅಲ್ವಾ? ಸುತ್ತ ಯಾವ ವೈಫೈಗಳಿವೆ ಅನ್ನೋದರಿಂದಲೇ ನೀವು ಎಲ್ಲಿದ್ದೀರಿ ಅಂತ ಕಂಡುಹಿಡಿಯಬಹುದು. ಅದಕ್ಕೇ ಆ ಪಟ್ಟಿ ನೋಡಬೇಕಾದ ಆಪ್‌ಗೆ ಆಂಡ್ರಾಯ್ಡ್ ಈ ಅನುಮತಿ ಬೇಕು ಅನ್ನುತ್ತದೆ. ಸೆಟಪ್ ಮುಗಿದ ಮೇಲೆ ನಾನು ಅದನ್ನು ವಾಪಸ್ ತೆಗೆದೆ. ಸ್ಟಿಕ್ ಆರಾಮಾಗಿ ಓಡುತ್ತಿದೆ.

ನಿಜವಾದ ತೊಡಕು ಇರೋದು ಬ್ಯಾಂಡ್‌ನಲ್ಲಿ. ನನ್ನ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು. ಆಗ ಫೋನ್ ರೂಟರ್ ಪಕ್ಕದಲ್ಲೇ ಇದ್ದು 5 ಗಿಗಾಹರ್ಟ್ಸ್ ಹಿಡಿದಿತ್ತು, ಆ ವಿವರವೇ ಸ್ಟಿಕ್‌ಗೆ ದಾಟಿತು. ಟಿವಿ ಇರೋದು ಎರಡು ಗೋಡೆ ಆಚೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಸೆಟಪ್ ಸಲೀಸಾಗಿ ಮುಗಿಯಿತು, ಸಂಜೆ ಸಿನಿಮಾ ಮಾತ್ರ ನಿಂತು ನಿಂತು ಓಡಿತು. ನೋಡುವವರಿಗೆ ಇಂಟರ್ನೆಟ್ಟೇ ನಿಧಾನ ಅನ್ನಿಸಬೇಕು. ಅದೇ ಹೊತ್ತಿಗೆ ಟಿವಿ ಪಕ್ಕ ನಿಂತು 2.4ರಲ್ಲಿದ್ದ ಇನ್ನೊಂದು ಫೋನಿನಲ್ಲಿ ಅದೇ ಸಿನಿಮಾ ಹಾಕಿದರೆ ಸುಸೂತ್ರವಾಗಿ ಓಡಿತು. ಸ್ಟಿಕ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 5ರ ಹೆಸರನ್ನು ಅಳಿಸಿ 2.4ಕ್ಕೆ ಜೋಡಿಸಿದ ಮೇಲೆ ಆ ತಾಪತ್ರಯ ಇಲ್ಲ. ಕೆಲವು ಅಗ್ಗದ ಬಾಕ್ಸ್‌ಗಳಿಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಅಂಥದಕ್ಕೆ ಫೋನ್ ಈ ಹೆಸರು ಕೊಟ್ಟರೆ, ಪಾಸ್‌ವರ್ಡ್ ಸರಿ ಇದ್ದರೂ ಸೆಟಪ್ ಮುಂದೆ ಹೋಗದು. ಹಾಗಾಗಿ ಸ್ಕ್ಯಾನ್ ಮಾಡುವ ಮೊದಲು ಫೋನನ್ನು ಟಿವಿಗೆ ಬೇಕಾದ ವೈಫೈಗೆ ಹಾಕಿ.

ಇನ್ನೊಂದು ವಿಷಯ ತಿಂಗಳುಗಳು ಕಳೆದ ಮೇಲೆ ಗೊತ್ತಾಗೋದು. ಫೋನ್ ಕೊಟ್ಟದ್ದು ಆ ಹೊತ್ತಿನ ನಕಲು ಮಾತ್ರ. ಮುಂದೆ ರೂಟರ್ ಪಾಸ್‌ವರ್ಡ್ ಬದಲಾಯಿಸಿ ಫೋನಿಗೆ ಹೊಸದನ್ನು ಹಾಕಿದರೂ ಸ್ಟಿಕ್‌ಗೆ ಸುದ್ದಿ ಮುಟ್ಟೋದಿಲ್ಲ. ಫೋನನ್ನೇ ರಿಮೋಟ್ ಮಾಡಿಕೊಂಡು ಟೈಪ್ ಮಾಡೋಣ ಅಂದರೆ, ನಮ್ಮ ಆಪ್‌ಗೆ ಇಬ್ಬರೂ ಒಂದೇ ವೈಫೈಯಲ್ಲಿ ಇರಬೇಕು! ಕೊನೆಗೆ ಮತ್ತೆ ಅದೇ ರಿಮೋಟ್, ಅದೇ ಬಾಣ.

ಆಮೇಲೆ ರೂಟರನ್ನೇ ಬದಲಾಯಿಸಿದಾಗ ಹೊಸದಕ್ಕೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಡಬ್ಲ್ಯೂಪಿಎ2 ಭದ್ರತೆಯನ್ನೇ ಇಟ್ಟೆ. ಸ್ಟಿಕ್ ಏನೂ ಕೇಳದೆ ತಾನೇ ಸೇರಿಕೊಂಡಿತು.