ಗ್ಲಾಸ್ ಡೋರ್ ಮೇಲಿನ ವಿನೈಲ್ ಅಕ್ಷರ: ಎರಡೂವರೆ ವರ್ಷ ಆದ್ಮೇಲೆ

ನಮ್ದು ಪುಸ್ತಕ, ಸ್ಟೇಷನರಿ ಅಂಗಡಿ. ಗಾಜಿನ ಬಾಗಿಲ ಮೇಲೆ ಅಂಗಡಿ ಹೆಸರು 90 ಮಿಮೀ ಎತ್ತರದಲ್ಲಿ, ಅದರ ಕೆಳಗೆ "ಪಠ್ಯ ಪುಸ್ತಕ, ನೋಟ್‌ಬುಕ್, ಪೆನ್ನು" ಅಂತ 25 ಮಿಮೀ ಲೈನು, ಎರಡೂ ಬಿಳಿ ವಿನೈಲ್ ಕಟಿಂಗ್, ಅಂದ್ರೆ ಗಮ್ ಇರೋ ತೆಳು ಪ್ಲಾಸ್ಟಿಕ್ ಶೀಟಿಂದ ಮಷೀನಲ್ಲಿ ಕತ್ತರಿಸಿದ ಅಕ್ಷರ. ಗಾಜಿನ ಒಳಗಡೆಯಿಂದ ಅಂಟಿಸಿದ್ದು, ಯಾಕಂದ್ರೆ ಹೊರಗಡೆ ಹಾಕಿದ್ರೆ ಮಳೆ, ಧೂಳು, ಬರೋರ ಕೈ ಎಲ್ಲಾ ಅಕ್ಷರದ ಅಂಚಿಗೇ ತಾಗುತ್ತೆ. ಈಗ ಎರಡೂವರೆ ವರ್ಷ ಆಯ್ತು, ದೊಡ್ಡ ಅಕ್ಷರ ಒಂದೂ ಎದ್ದಿಲ್ಲ. ಚಿಕ್ಕ ಲೈನ್ ಮಾತ್ರ ಒಂದ್ಸಲ ಪೂರ್ತಿ ಬದಲಾಯಿಸಬೇಕಾಯ್ತು.

ಒಳಗಿಂದ ಅಂಟಿಸ್ಬೇಕು ಅಂದ್ರೆ ಕನ್ನಡಿಯಲ್ಲಿ ಕಾಣೋ ಥರ ಉಲ್ಟಾ ಕಟ್ ಮಾಡ್ಬೇಕು. ವಿನೈಲ್‌ಗೆ ಗಮ್ ಒಂದೇ ಕಡೆ ಇರೋದು, ಆ ಗಮ್ ಇರೋ ಮುಖವೇ ಗಾಜಿನ ಮೂಲಕ ಹೊರಗಡೆಯವರಿಗೆ ಕಾಣೋದು. ಮೊದಲ ಸಲ ನಮಗೆ ನೇರವಾಗಿ ಕಟ್ ಆಗಿರೋ ಶೀಟ್ ಬಂತು, ಅದನ್ನ ತಿರುಗಿಸಿ ಹಾಕೋಕೆ ಆಗಲ್ಲ, ಇನ್ನೊಂದ್ಸಲ ಕಟ್ ಮಾಡ್ಸೋದೇ ದಾರಿ. ಕನ್ನಡದಲ್ಲಿ ಈ ತಪ್ಪು ಬೇಗ ಕಣ್ಣಿಗೆ ಬೀಳಲ್ಲ, ರ, ಠ ಥರದ ದುಂಡನೆ ಅಕ್ಷರ ಉಲ್ಟಾ ಆದ್ರೂ ಥಟ್ಟನೆ ನೋಡಿದ್ರೆ ಸರಿ ಇದ್ದಂಗೇ ಇರುತ್ತೆ. ಅದಕ್ಕೆ ನಾನು ಒತ್ತು ನೋಡ್ತೀನಿ. ಕಟ್ ಆದ ಶೀಟಿನ ಬಣ್ಣದ ಮುಖ ನಮ್ಮ ಕಡೆ ಇಟ್ಕೊಂಡಾಗ "ಸ್ತ"ದ ತ ಒತ್ತು ಎಡಗಡೆ ಇದ್ರೆ ಒಳಗಿಂದ ಅಂಟಿಸೋಕೆ ಸರಿಯಾದ ಶೀಟ್, ಬಲಗಡೆ ಇದ್ರೆ ಅದು ಹೊರಗಡೆ ಅಂಟಿಸೋದು. ಇನ್ನೊಂದು, ಡಿಸೈನಲ್ಲಿ ಎಲ್ಲಾ ಲೈನನ್ನೂ ಒಟ್ಟಿಗೆ ಗ್ರೂಪ್ ಮಾಡಿ ಮಿರರ್ ಮಾಡ್ಬೇಕು, ಒಂದೊಂದೇ ಅಕ್ಷರ ಹಿಡಿದು ಮಾಡಿದ್ರೆ ಅಕ್ಷರ ಉಲ್ಟಾ ಆಗುತ್ತೆ, ಸಾಲಿನ ಕ್ರಮ ಮಾತ್ರ ಹಾಗೇ ಉಳಿಯುತ್ತೆ.

ಚಿಕ್ಕ ಲೈನ್ ಹಾಳಾಗಿದ್ದು ವೀಡಿಂಗಲ್ಲಿ, ಅಂದ್ರೆ ಕಟ್ ಆದ್ಮೇಲೆ ಬೇಡದ ವಿನೈಲ್ ಎಬ್ಬಿಸಿ ತೆಗೆಯೋ ಕೆಲಸದಲ್ಲಿ. ಠ ಒಳಗಿನ ಚುಕ್ಕೆ 25 ಮಿಮೀ ಅಕ್ಷರದಲ್ಲಿ ಎರಡು ಮಿಮೀ ಇದ್ರೆ ಹೆಚ್ಚು, ಸುತ್ತಲಿನ ಖಾಲಿ ಭಾಗ ಎಳೆದಾಗ ಅದರ ಜೊತೆಗೇ ಎದ್ದು ಬಂದುಬಿಡ್ತು, ಯಾರೂ ಗಮನಿಸ್ಲಿಲ್ಲ. ಅಂಟಿಸಿ ಎರಡು ದಿನ ಆದ್ಮೇಲೆ ಸ್ಕೂಲ್ ಹುಡುಗಿ ಒಬ್ಳು "ಅಂಕಲ್, ಠ ಬದ್ಲು ರ ಬರ್ದಿದೀರಾ" ಅಂದ್ಲು. ಪುಸ್ತಕದ ಅಂಗಡಿ ಬಾಗಿಲಲ್ಲಿ "ಪಠ್ಯ" ತಪ್ಪಾಗಿತ್ತು, ನಿಜಕ್ಕೂ ಬೇಜಾರಾಯ್ತು.

ಎರಡನೇ ಸಲ ನಾನೇ ಪಕ್ಕದಲ್ಲಿ ಕೂತು ಮಾಡಿಸ್ದೆ. ದಪ್ಪ ಫಾಂಟ್ ತಗೊಂಡು ಚುಕ್ಕೆನ ಮೂರು ಮಿಮೀಗಿಂತ ದೊಡ್ಡದು ಮಾಡಿಸ್ದೆ. ಬ್ಲೇಡು ವಿನೈಲ್ ಕತ್ತರಿಸಿ ಹಿಂದಿನ ಪೇಪರ್ ಮೇಲೆ ಸಣ್ಣ ಗೀಟು ಮಾತ್ರ ಬೀಳಿಸ್ಬೇಕು, ಅಷ್ಟು ಒತ್ತಡ ಇಲ್ದಿದ್ರೆ ಮೂಲೆಯಲ್ಲಿ ಕಟ್ ಪೂರ್ತಿ ಆಗಲ್ಲ, ಎಳೆದಾಗ ಅಕ್ಷರವೇ ಎದ್ದು ಬರುತ್ತೆ. ಬೇಡದ ಭಾಗನ ಮೇಲಕ್ಕೆ ಎತ್ತಬಾರದು, ಶೀಟಿನ ಮೇಲೇ ಮಡಚಿಕೊಂಡ ಹಾಗೆ ಹಿಂದಕ್ಕೆ ನಿಧಾನ ಎಳೀಬೇಕು, ಠ ಹತ್ರ ಬಂದಾಗ ಸೂಜಿ ತುದಿಯಿಂದ ಚುಕ್ಕೆ ಒತ್ತಿ ಹಿಡೀಬೇಕು. ಕಟ್ ಮಾಡಿದ ದಿನವೇ ವೀಡ್ ಮಾಡಿ, ಬಿಟ್ರೆ ಗಮ್ ಕಟ್ಟಿನ ಗೆರೆಯಲ್ಲಿ ಮತ್ತೆ ಸೇರ್ಕೊಳ್ಳುತ್ತೆ.

ಅಕ್ಷರದ ಮಧ್ಯದ ಅಂತರದಲ್ಲೂ ಕನ್ನಡಕ್ಕೆ ಬೇರೆ ಕಷ್ಟ ಇದೆ. ಹಳೇ ಯೂನಿಕೋಡ್ ಅಲ್ಲದ ಫಾಂಟಲ್ಲಿ ಒತ್ತು, ದೀರ್ಘ ಎಲ್ಲಾ ಬೇರೆ ಬೇರೆ ತುಂಡು, ಸ್ಪೇಸಿಂಗ್ ಜಾಸ್ತಿ ಮಾಡಿದ್ರೆ "ಸ್ತ" ಒಡೆದು ಸ ಒಂದ್ಕಡೆ, ಒತ್ತು ಒಂದ್ಕಡೆ ಹೋಗುತ್ತೆ. ಹಾಗಾಗಿ ಕರ್ವ್ ಮಾಡಿ, ಅಂದ್ರೆ ಟೈಪ್ ಮಾಡಿದ್ದನ್ನ ಬರೀ ಗೆರೆಯ ಆಕಾರ ಮಾಡ್ಕೊಂಡು, ಒಂದೊಂದು ಅಕ್ಷರದ ತುಂಡುಗಳನ್ನ ವೆಲ್ಡ್ ಮಾಡಿ, ಅಂದ್ರೆ ಒಂದೇ ಆಕಾರವಾಗಿ ಸೇರಿಸಿ, ಆಮೇಲೆ ಕೈಯಲ್ಲೇ ಜರುಗಿಸ್ಬೇಕು. ವೆಲ್ಡ್ ಮರೆತ್ರೆ ತುಂಡು ಒಂದರ ಮೇಲೊಂದು ಬಂದಲ್ಲಿ ಮಷೀನು ಅಕ್ಷರದ ಒಳಗೇ ಗೀಟು ಹಾಕುತ್ತೆ. ಅಳತೆ ಹಿಡಿದು ಎಲ್ಲಾ ಕಡೆ ಒಂದೇ ಗ್ಯಾಪ್ ಕೊಟ್ರೂ ಸರಿ ಕಾಣಲ್ಲ, ಸ್ತ ಒತ್ತು ಪಕ್ಕದ ಕ ಕೆಳಗೆ ನುಗ್ಗುತ್ತೆ, ಅಲ್ಲಿ ಸ್ವಲ್ಪ ಜಾಸ್ತಿ ಜಾಗ ಬೇಕು. ಪ್ರಿಂಟ್ ತೆಗೆದು ಗಾಜಿಗೆ ಅಂಟಿಸಿ ರಸ್ತೆ ಆಚೆಯಿಂದ ನೋಡಿದ್ಮೇಲೇ ನಾನು ಓಕೆ ಅಂದಿದ್ದು.

ಸೋಪು ನೀರು ಹಾಕಿ ಅಂಟಿಸಿದ್ವಿ. ಹೊರಗಿಂದ ಗಮ್ ಮುಖ ಕಾಣೋದ್ರಿಂದ ಮೊದಲ ಕೆಲವು ದಿನ ನೀರಿನ ಕಲೆ ಮಚ್ಚೆ ಥರ ಕಾಣುತ್ತೆ, ಒಣಗಿದ್ಮೇಲೆ ಹೋಗುತ್ತೆ, ಗಾಬರಿ ಬಿದ್ದು ಕೀಳ್ಬೇಡಿ. ಬಿಳಿ ಬಣ್ಣ ಇನ್ನೂ ಚೆನ್ನಾಗಿದೆ. ಹಿಡಿ ಪಕ್ಕದ "ಪೆನ್ನು" ನ ಒತ್ತಿನ ತುದಿ ಮಾತ್ರ ಒಳಗಡೆ ಒರೆಸಿ ಒರೆಸಿ ಸ್ವಲ್ಪ ಎದ್ದಿದೆ, ಈಗ ಅಲ್ಲಿ ಬಟ್ಟೆನ ಅಕ್ಷರದ ಮಧ್ಯದಿಂದ ಹೊರಗಡೆಗೆ ಮಾತ್ರ ಒರೆಸ್ತೀವಿ. ಠ ಚುಕ್ಕೆ ಗಟ್ಟಿಯಾಗಿ ಕೂತಿದೆ.