ಹೆಡ್‌ಲೈಟ್ ರಿಲೇ ಕಿಟ್: ಬೆಳಕಿಗೆ ಪೂರ್ತಿ ಅಂಕ, ಫ್ಯೂಸ್ ಹೋಲ್ಡರ್‌ಗೆ ಇಲ್ಲ

ಮಳೆಗಾಲಗಳನ್ನೂ ದಾಟಿ ಈ ಕಿಟ್ ನನ್ನ ಬೈಕಿನಲ್ಲಿದೆ. ಹಾಗಾಗಿ ಈಗ ಬರೆಯಬಹುದು ಅನಿಸಿತು. ಹಾಕಿಸಿಕೊಂಡ ಕಾರಣ ಒಂದೇ: ಇಂಡಿಕೇಟರ್ ಹಾಕಿದರೆ ಸಾಕು, ಅದು ಮಿನುಗಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿತ್ತು. ರಾತ್ರಿ ತಿರುವಿನಲ್ಲೇ ಬೆಳಕು ಬೇಕು, ಅಲ್ಲೇ ಕಡಿಮೆ ಆಗುತ್ತಿತ್ತು.

ಇಂಥ ತೊಂದರೆಗೆ ಹೆಚ್ಚಿನವರು ಮೊದಲು ಬ್ಯಾಟರಿ ಬದಲಿಸುತ್ತಾರೆ. ಆದರೆ ಎರಡು ಇಂಡಿಕೇಟರ್ ಬಲ್ಬ್ ಸೇರಿ ಎಳೆಯುವುದು ಸುಮಾರು 20 ವ್ಯಾಟ್. ಒಳ್ಳೆ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಹೆಡ್‌ಲೈಟಿಗೂ ಇಂಡಿಕೇಟರಿಗೂ ಕರೆಂಟ್ ಹೋಗುವ ದಾರಿ ಒಂದೇ ಆಗಿದ್ದು, ಆ ದಾರಿಯಲ್ಲಿ ಎಲ್ಲೋ ತುಕ್ಕು ಅಥವಾ ಸಡಿಲ ಇದ್ದರೆ ಹೆಚ್ಚಾಗಿ ಹೀಗೆ ಆಗುತ್ತದೆ. ಸಾಮಾನ್ಯವಾಗಿ ಇಗ್ನಿಷನ್ ಸ್ವಿಚ್‌ನ ಒಳಗಿನ ಸವೆದ ಕಾಂಟ್ಯಾಕ್ಟ್, ಕಪ್ಪಾದ ಕನೆಕ್ಟರ್, ಇಲ್ಲವೇ ಅರ್ತಿಂಗ್ ವೈರ್.

ಪತ್ತೆ ಮಾಡಲು ಮಲ್ಟಿಮೀಟರ್ ಒಂದೇ ಸಾಕು. ಬಲ್ಬ್ ಹಾಕಿಯೇ ಇರಬೇಕು, ಲೈಟ್ ಉರಿಯುತ್ತಿರಬೇಕು. ಬಲ್ಬ್ ಕಿತ್ತು ಅಳೆದರೆ ಹಾಳಾದ ವೈರಿನಲ್ಲೂ ಪೂರ್ತಿ ವೋಲ್ಟೇಜ್ ತೋರಿಸಿ ಮೀಟರ್ ದಾರಿ ತಪ್ಪಿಸುತ್ತದೆ. ಎಂಜಿನ್ ಸ್ವಲ್ಪ ರೇಸ್‌ನಲ್ಲಿಟ್ಟು, ಮೀಟರಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಬಲ್ಬ್ ಹೋಲ್ಡರ್ ಹಿಂಭಾಗದ ಪ್ಲಸ್ ಪಿನ್‌ಗೆ ಮುಟ್ಟಿಸಿದೆ. ಮೀಟರ್ ತೋರಿಸುವಷ್ಟು ವೋಲ್ಟ್ ದಾರಿಯಲ್ಲೇ ಸೋರಿಹೋಗಿದೆ ಅಂತ ಅರ್ಥ. ನನ್ನ ಬೈಕಿನಲ್ಲಿ 1.3 ವೋಲ್ಟ್ ಬಂತು. ಇಂಡಿಕೇಟರ್ ಹತ್ತಿದಾಗ 1.7ಕ್ಕೆ ಜಿಗಿಯುತ್ತಿತ್ತು. ಬ್ಯಾಟರಿ ಮೈನಸ್‌ಗೂ ಬಲ್ಬಿನ ಅರ್ತಿಂಗ್ ಪಿನ್‌ಗೂ ನಡುವೆ 0.5, ಇಂಡಿಕೇಟರ್ ಹತ್ತಿದಾಗ 0.7. ಪ್ಲಸ್ ಕಡೆ ಅರ್ಧ ವೋಲ್ಟ್ ಒಳಗೆ, ಅರ್ತಿಂಗ್ ಕಡೆ 0.2 ಒಳಗೆ ಇದ್ದರೆ ಸುಮ್ನೆ ಬಿಡಬಹುದು.

ಒಟ್ಟಿನಲ್ಲಿ ಬ್ಯಾಟರಿಯಲ್ಲಿ 13.9 ಇದ್ದರೂ ಬಲ್ಬಿಗೆ ಸಿಗುತ್ತಿದ್ದದ್ದು 12.1. ಇಂಡಿಕೇಟರ್ ಹತ್ತಿದಾಗ 11.5. ವ್ಯತ್ಯಾಸ ಸಣ್ಣದು ಅನಿಸುತ್ತದೆ, ಅಲ್ವಾ? ಆದರೆ ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಅದಕ್ಕಿಂತ ತುಂಬಾ ಜಾಸ್ತಿ ಇಳಿಯುತ್ತದೆ. ಈ 0.6 ವೋಲ್ಟಿಗೆ ಹೆಚ್ಚುಕಡಿಮೆ ಆರನೇ ಒಂದು ಪಾಲು ಬೆಳಕು ಹೋಗುತ್ತದೆ.

ಕಿಟ್‌ನ ಕೆಲಸ ಸರಳ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್. ಬ್ಯಾಟರಿಯಿಂದ ದಪ್ಪ ವೈರ್ ಫ್ಯೂಸ್ ದಾಟಿ, ರಿಲೇ ಮೂಲಕ ನೇರವಾಗಿ ಬಲ್ಬಿಗೆ ಹೋಗುತ್ತದೆ. ಹಳೆಯ ಬಲ್ಬ್ ಹೋಲ್ಡರ್ ಕಿಟ್‌ನ ಪ್ಲಗ್‌ಗೆ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಈಗ ರಿಲೇ ಎಳೆಯುವಷ್ಟು ಸಣ್ಣ ಕರೆಂಟ್ ಮಾತ್ರ ಹರಿಯುವುದರಿಂದ ಹ್ಯಾಂಡಲ್ ಸ್ವಿಚ್ಚಿಗೂ ಬಿಸಿ ಕಡಿಮೆ. ಲೋ ಬೀಮಿಗೆ ಒಂದು ರಿಲೇ, ಹೈ ಬೀಮಿಗೆ ಇನ್ನೊಂದು. ಅರ್ತಿಂಗ್ ವೈರನ್ನು ಹತ್ತಿರದ ಯಾವುದೋ ಬೋಲ್ಟಿಗೆ ಕಟ್ಟದೆ ಬ್ಯಾಟರಿ ಮೈನಸ್‌ವರೆಗೂ ಎಳೆಯಿರಿ. ಅದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಹಾಕಿದ ಮೇಲೆ ಬಲ್ಬಿನಲ್ಲಿ 13.5 ವೋಲ್ಟ್ ಸಿಕ್ಕಿತು. ಇಂಡಿಕೇಟರ್ ಹಾಕಿದರೆ ಮೀಟರಿನ ಕೊನೆಯ ಅಂಕೆ ಮಾತ್ರ ಅಲ್ಲಾಡುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಈಗಲೂ ಹಾಗೇ ಇದೆ. ಹೆಚ್ಚು ವೋಲ್ಟೇಜ್ ಸಿಕ್ಕರೆ ಬಲ್ಬಿನ ಆಯಸ್ಸು ಸಾಕಷ್ಟು ಕಡಿಮೆ ಆಗುತ್ತದೆ. ಈ ಬೆಳಕಿಗೆ ಅದು ದೊಡ್ಡ ನಷ್ಟವಲ್ಲ.

ಈಗ ದೂರು. ಫ್ಯೂಸ್ ಹೋಲ್ಡರ್ ಕಳಪೆ. ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಒಳಗೆ ನೀರು ಹೋಗಿ ಹಸಿರು ಹಿಡಿಯಿತು. ಒಮ್ಮೆ ಓಡಿಸುತ್ತಿರುವಾಗಲೇ ಹೆಡ್‌ಲೈಟ್ ಪೂರ್ತಿ ಆರಿ ಮತ್ತೆ ಹತ್ತಿತು. ತೆಗೆದು ರಬ್ಬರ್ ಸೀಲ್ ಇರುವ ಬೇರೆ ಹೋಲ್ಡರ್ ಹಾಕಿದ ಮೇಲೆ ತೊಂದರೆ ಬಂದಿಲ್ಲ. ರಿಲೇಗಳನ್ನು ಪಿನ್ ಕೆಳಮುಖವಾಗಿ ಕಟ್ಟಿ. ಮೇಲ್ಮುಖವಾಗಿದ್ದರೆ ಸಾಕೆಟ್ ಬಟ್ಟಲಿನ ಹಾಗೆ ನೀರು ತುಂಬಿಕೊಳ್ಳುತ್ತದೆ. ಕಿಟ್ ಜೊತೆ ಬಂದ ಕಾಗದದಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ವಿಷಯ: ಕಿಟ್ ಹೆಡ್‌ಲೈಟನ್ನು ಬೇರೆ ದಾರಿಗೆ ಹಾಕುತ್ತದೆ, ಹಳೆಯ ದಾರಿಯ ತುಕ್ಕು ಅಲ್ಲೇ ಇರುತ್ತದೆ. ನಾನು ಇಗ್ನಿಷನ್ ಸ್ವಿಚ್‌ನ ಕನೆಕ್ಟರನ್ನೂ ಕ್ಲೀನ್ ಮಾಡಿದೆ. ಅದರ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಬಿಸಿಯಾಗುತ್ತಿದ್ದ ಜಾಗ ಅದೇ.

ಕೊಳ್ಳುವ ಮುಂಚೆ ಇಂಡಿಕೇಟರ್ ಹಾಕಿ ಬ್ಯಾಟರಿಯಲ್ಲೇ ವೋಲ್ಟೇಜ್ ನೋಡಿ. ಎಂಜಿನ್ ರೇಸ್‌ನಲ್ಲಿದ್ದರೂ ಅಲ್ಲೇ 13ಕ್ಕಿಂತ ಕೆಳಗೆ ಇಳಿದರೆ ತೊಂದರೆ ಚಾರ್ಜಿಂಗ್‌ನಲ್ಲೋ ಬ್ಯಾಟರಿಯಲ್ಲೋ ಇದೆ, ಈ ಕಿಟ್‌ನಿಂದ ಪ್ರಯೋಜನವಿಲ್ಲ. ಹಳೆಯ ಕೆಲವು ಬೈಕುಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ಮ್ಯಾಗ್ನೆಟ್‌ನ ಎಸಿ ಕರೆಂಟಿನಿಂದ ಉರಿಯುತ್ತದೆ. ರೇಸ್ ಕೊಟ್ಟಂತೆ ಬೆಳಕು ಏರಿಳಿಯುವುದೇ ಅದರ ಗುರುತು. ಅಂಥ ಬೈಕಿಗೆ ಕಿಟ್ ಹಾಗೇ ಸಿಕ್ಕಿಸಿದರೆ ರಿಲೇ ಗರ್ ಎನ್ನುತ್ತದೆ, ಜೊತೆಗೆ ಬ್ಯಾಟರಿಯೂ ಬೇಗ ಖಾಲಿಯಾಗಬಹುದು.