ಒಂದೇ ಬದಲಾವಣೆ, ಮೂರು ಬಗೆಯ ಬಿಡುಗಡೆ ಟಿಪ್ಪಣಿ

ಕಿರಾಣಿ ಅಂಗಡಿಗಳವರು ಬಿಲ್ ಹಾಕಲು ಬಳಸುವ ಒಂದು ತಂತ್ರಾಂಶದ ತಂಡದಲ್ಲಿ, ಪ್ರತಿ ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುವ ಹೊಣೆ ನನ್ನ ಮೇಲಿದೆ. ಅದನ್ನು ಓದುವವರಿಗೆ ಲೆಕ್ಕ ಚೆನ್ನಾಗಿ ಗೊತ್ತು, ಕೋಡ್ ಗೊತ್ತಿಲ್ಲ. ಇತ್ತೀಚಿನ ಒಂದು ಅಪ್‌ಡೇಟಿಗೆ ಮೂರು ಬಗೆಯಲ್ಲಿ ಟಿಪ್ಪಣಿ ಬರೆದು, ಪರಿಚಯದ ಕೆಲವು ಅಂಗಡಿಯವರಿಗೆ ಓದಲು ಕೊಟ್ಟೆ. ಓದಿದ ಮೇಲೆ ಎಲ್ಲರಿಗೂ ಎರಡೇ ಪ್ರಶ್ನೆ ಕೇಳಿದೆ: ನಾಳೆ ನಿಮ್ಮ ಬಿಲ್‌ನಲ್ಲಿ ಏನು ಬೇರೆಯಾಗಿ ಕಾಣುತ್ತದೆ? ಹಳೆಯ ಬಿಲ್ಲನ್ನು ತೆರೆದು ತಿದ್ದಿದರೆ ಏನಾಗುತ್ತದೆ?

ತಂತ್ರಾಂಶ ಬರೆದವರು ನನಗೆ ಕೊಟ್ಟಿದ್ದು ಈ ಎರಡು ಸಾಲು:

```
fix(tax): compute CGST/SGST on subtotal per rate, not per line
known: editing a pre-update invoice recalculates tax on save
```

ಮೊದಲ ಸಾಲಿನ ಅರ್ಥವನ್ನು ಒಂದು ಬಿಲ್ ಹಿಡಿದು ನೋಡೋಣ. ಗಿರಾಕಿಯೊಬ್ಬರು ಶೇಕಡ 5ರ ತೆರಿಗೆ ಇರುವ, ತಲಾ 10.50 ರೂಪಾಯಿಯ ನಾಲ್ಕು ಬೇರೆ ಬೇರೆ ಸಾಮಾನುಗಳನ್ನೂ, ತೆರಿಗೆ ಇಲ್ಲದ 25.40 ರೂಪಾಯಿಯ ತರಕಾರಿಯನ್ನೂ ಕೊಂಡರು ಎಂದುಕೊಳ್ಳಿ. ಹಿಂದಿನ ಆವೃತ್ತಿ ಪ್ರತಿ ಸಾಲಿಗೂ ಪ್ರತ್ಯೇಕವಾಗಿ ತೆರಿಗೆ ಹಾಕುತ್ತಿತ್ತು. ಕೇಂದ್ರದ ಪಾಲಾದ ಶೇಕಡ 2.5 ಎಂದರೆ 26.25 ಪೈಸೆ, ಕಾಲು ಪೈಸೆ ಬಿಟ್ಟು 26 ಪೈಸೆ. ರಾಜ್ಯದ ಪಾಲೂ ಅಷ್ಟೇ. ಹೀಗೆ ನಾಲ್ಕು ಸಾಲಿಗೆ 2.08 ರೂಪಾಯಿ ತೆರಿಗೆಯಾಗಿ, ಒಟ್ಟು 69.48 ಬಂದು, ಬಿಲ್ 69 ರೂಪಾಯಿಗೆ ನಿಲ್ಲುತ್ತಿತ್ತು. ಹೊಸ ಆವೃತ್ತಿ ನಾಲ್ಕೂ ಸಾಮಾನುಗಳ 42 ರೂಪಾಯಿಯನ್ನು ಮೊದಲು ಕೂಡಿಸಿ, ಆಮೇಲೆ ತೆರಿಗೆ ಹಾಕುತ್ತದೆ. ಆಗ ತೆರಿಗೆ 2.10, ಒಟ್ಟು 69.50, ಬಿಲ್ 70 ರೂಪಾಯಿ. ಎರಡು ಪೈಸೆಯ ವ್ಯತ್ಯಾಸ ಗಲ್ಲಾದ ಮುಂದೆ ಒಂದು ರೂಪಾಯಿಯಾಗಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯ ಬಗೆಯಲ್ಲಿ ನಾನು ಆ ಎರಡು ಸಾಲನ್ನು ಇದ್ದಂತೆಯೇ ಕನ್ನಡಕ್ಕೆ ತಂದೆ. ಮೊದಲ ಸಾಲು ಹೀಗಿತ್ತು: ‘ತೆರಿಗೆ ಗಣನೆಯನ್ನು ಸಾಲುವಾರು ವಿಧಾನದಿಂದ ದರವಾರು ಉಪಮೊತ್ತದ ವಿಧಾನಕ್ಕೆ ಬದಲಾಯಿಸಲಾಗಿದೆ.’ ಇದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೂ ಓದಿದವರಲ್ಲಿ ಯಾರೊಬ್ಬರೂ ಮೊದಲ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಒಬ್ಬರು ತೆರಿಗೆಯ ದರವೇ ಬದಲಾಗಿದೆ ಎಂದು ತಿಳಿದುಕೊಂಡರು. ಈ ಬಗೆಯ ಟಿಪ್ಪಣಿ ಲೆಕ್ಕಪರಿಶೋಧಕರಿಗೂ ನಮ್ಮ ಸಹಾಯವಾಣಿಯ ಸಿಬ್ಬಂದಿಗೂ ಬೇಕಾಗುತ್ತದೆ. ಅವರಿಗಾಗಿ ಅದನ್ನು ಬೇರೆ ಕಡತದಲ್ಲಿ ಇಡುವುದು ಸರಿ.

ಎರಡನೆಯದು ಚುಟುಕು ಟಿಪ್ಪಣಿ: ‘ತೆರಿಗೆ ಲೆಕ್ಕ ಈಗ ಇನ್ನಷ್ಟು ನಿಖರವಾಗಿದೆ. ನಿಮ್ಮ ಹಳೆಯ ಬಿಲ್‌ಗಳಿಗೆ ಯಾವ ತೊಂದರೆಯೂ ಇಲ್ಲ. ಕೆಲವೊಮ್ಮೆ ಮೊತ್ತದಲ್ಲಿ ಸಣ್ಣ ವ್ಯತ್ಯಾಸ ಕಾಣಬಹುದು.’ ಇದನ್ನು ಎಲ್ಲರೂ ಸರಾಗವಾಗಿ ಓದಿದರು, ಎರಡೂ ಪ್ರಶ್ನೆಗೆ ಧೈರ್ಯವಾಗಿ ಉತ್ತರಿಸಿದರು. ಎರಡನೆಯ ಉತ್ತರ ಪೂರ್ತಿ ತಪ್ಪಾಗಿತ್ತು. ಆ ತಪ್ಪು ಅವರದಲ್ಲ, ನನ್ನದು. ಹಳೆಯ ಬಿಲ್ಲನ್ನು ತೆರೆದು ನೋಡಿದರೂ ಮತ್ತೆ ಮುದ್ರಿಸಿದರೂ ಏನೂ ಆಗುವುದಿಲ್ಲ ಎನ್ನುವುದು ನಿಜ. ಆದರೆ ಗಿರಾಕಿಯ ಫೋನ್ ನಂಬರ್ ಸೇರಿಸುವುದಕ್ಕಾದರೂ ಸರಿ, ಅದನ್ನು ತಿದ್ದಿ ಉಳಿಸಿದರೆ, ತೆರಿಗೆ ಹೊಸ ರೀತಿಯಲ್ಲಿ ಮತ್ತೆ ಲೆಕ್ಕವಾಗಿ ಮೊತ್ತ ಬದಲಾಗಬಹುದು. ಆ ತಿಂಗಳ ಜಿಎಸ್‌ಟಿ ರಿಟರ್ನ್ ಆಗಲೇ ಸಲ್ಲಿಕೆಯಾಗಿದ್ದರೆ, ಅಂಗಡಿಯ ಪುಸ್ತಕಕ್ಕೂ ಸಲ್ಲಿಸಿದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಸರಳಗೊಳಿಸುವ ಭರದಲ್ಲಿ ನಾನು ಕಠಿಣ ಪದಗಳ ಜೊತೆಗೆ ‘ತಿದ್ದಿ ಉಳಿಸಿದರೆ’ ಎಂಬ ಷರತ್ತನ್ನೂ ತೆಗೆದುಹಾಕಿದ್ದೆ.

‘ಕೆಲವೊಮ್ಮೆ’ ಎಂಬ ಪದವೂ ಅಷ್ಟೇ ಹಾನಿ ಮಾಡುತ್ತದೆ. ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ನಮಗೆ ಗೊತ್ತಿದ್ದೂ ‘ಕೆಲವೊಮ್ಮೆ’ ಎಂದು ಬರೆದರೆ, ಓದುವವರು ತಮ್ಮ ಪ್ರತಿಯೊಂದು ಬಿಲ್ಲನ್ನೂ ಅನುಮಾನದಿಂದ ನೋಡಬೇಕಾಗುತ್ತದೆ, ಇಲ್ಲವೇ ಯಾವುದನ್ನೂ ನೋಡದೆ ಬಿಟ್ಟುಬಿಡುತ್ತಾರೆ. ನಮಗೇ ಗೊತ್ತಿಲ್ಲದಿದ್ದಾಗ ‘ಯಾವಾಗ ಹೀಗಾಗುತ್ತದೆ ಎಂದು ಇನ್ನೂ ಪತ್ತೆಯಾಗಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕ.

ಮೂರನೆಯ ಬಗೆಯಲ್ಲಿ ತಂತ್ರಾಂಶದ ಭಾಗಗಳನ್ನು ಬಿಟ್ಟು, ಅಂಗಡಿಯವರು ಮಾಡುವ ಕೆಲಸಗಳನ್ನು ಹಿಡಿದು ಬರೆದೆ:

‘ಹೊಸ ಬಿಲ್ ಹಾಕುವಾಗ: ಒಂದೇ ತೆರಿಗೆ ದರದ ಸಾಮಾನುಗಳನ್ನು ಮೊದಲು ಕೂಡಿಸಿ, ಆ ಮೊತ್ತಕ್ಕೆ ತೆರಿಗೆ ಹಾಕಲಾಗುತ್ತದೆ. ತೆರಿಗೆಯ ದರ ಬದಲಾಗಿಲ್ಲ. ತೆರಿಗೆ ಕೆಲವು ಪೈಸೆ ಹೆಚ್ಚು ಅಥವಾ ಕಡಿಮೆ ಬರಬಹುದು. ಹತ್ತಿರದ ಪೂರ್ಣ ರೂಪಾಯಿಗೆ ತಂದಾಗ ಬಿಲ್‌ನ ಮೊತ್ತದಲ್ಲಿ 1 ರೂಪಾಯಿಯ ವ್ಯತ್ಯಾಸ ಕಾಣಬಹುದು. ನೀವು ಏನೂ ಮಾಡಬೇಕಿಲ್ಲ.

ಹಳೆಯ ಬಿಲ್ ತಿದ್ದುವಾಗ (ಇನ್ನೂ ಸರಿಯಾಗದ ದೋಷ): ಈ ಅಪ್‌ಡೇಟಿಗೆ ಮುಂಚಿನ ಬಿಲ್ಲನ್ನು ತಿದ್ದಿ ಉಳಿಸಿದರೆ ಅದರ ಮೊತ್ತ ಬದಲಾಗಬಹುದು. ನೋಡುವುದರಿಂದ, ಮುದ್ರಿಸುವುದರಿಂದ ಬದಲಾಗುವುದಿಲ್ಲ. ಮುಂದಿನ ಆವೃತ್ತಿ ಬರುವವರೆಗೆ ಹಳೆಯ ಬಿಲ್‌ಗಳನ್ನು ತಿದ್ದಬೇಡಿ. ತಿದ್ದಲೇಬೇಕಾದರೆ ಮೊದಲು ಒಂದು ಪ್ರತಿ ಮುದ್ರಿಸಿ ಇಟ್ಟುಕೊಳ್ಳಿ.’

ಇದನ್ನು ಓದಿದವರು ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರು. ‘ತೆರಿಗೆಯ ದರ ಬದಲಾಗಿಲ್ಲ’ ಎಂಬ ಸಾಲು ಮೂಲದ ಎರಡು ಸಾಲಿನಲ್ಲಿ ಇರಲಿಲ್ಲ; ಮೊದಲ ಬಗೆಯನ್ನು ಓದಿದವರ ತಪ್ಪು ಗ್ರಹಿಕೆಯಿಂದಾಗಿಯೇ ಅದನ್ನು ಸೇರಿಸಿದೆ. ದೋಷದ ವಿವರದಲ್ಲಿ ನಾಲ್ಕು ಸಂಗತಿ ಇರಲೇಬೇಕೆಂದು ಈಗ ಪಟ್ಟು ಹಿಡಿಯುತ್ತೇನೆ: ಏನು ಮಾಡಿದಾಗ ಆಗುತ್ತದೆ, ಏನು ಮಾಡಿದರೆ ಆಗುವುದಿಲ್ಲ, ಉಳಿಸಿಟ್ಟ ಲೆಕ್ಕಕ್ಕೆ ಧಕ್ಕೆಯಿದೆಯೇ, ಸದ್ಯಕ್ಕೆ ದಾರಿ ಏನು. ಇವುಗಳಲ್ಲಿ ಮೂರನೆಯದನ್ನು ತಂತ್ರಾಂಶ ಬರೆದವರು ತಾವಾಗಿ ಹೇಳುವುದು ಅಪರೂಪ, ಆದ್ದರಿಂದ ಅದನ್ನು ಕೇಳಿಯೇ ಪಡೆಯಬೇಕು. ಮುದ್ರಿಸಿದರೆ ಬದಲಾಗುವುದಿಲ್ಲ ಎನ್ನುವುದನ್ನಂತೂ ನಾನೇ ಒಂದು ಹಳೆಯ ಬಿಲ್ ತೆಗೆದು ಪರೀಕ್ಷಿಸಿದ ಮೇಲೆ ಬರೆದೆ.

ಮೂರನೆಯ ಬಗೆಗೆ ಸಮಯ ಹೆಚ್ಚು ಬೇಕು, ಜಾಗವೂ ಹೆಚ್ಚು ಬೇಕು. ಗೂಗಲ್ ಪ್ಲೇ ಅಂಗಡಿಯಲ್ಲಿ ಹೊಸತೇನು ಎಂದು ತಿಳಿಸಲು ಸಿಗುವುದು ಒಂದು ಭಾಷೆಗೆ 500 ಅಕ್ಷರ. ಕನ್ನಡದ ಗುಣಿತವೂ ಒತ್ತೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅಲ್ಲಿ ಆರು ಸಂಕೇತವಾಗುತ್ತದೆ. ಹಾಗಾಗಿ ಅಲ್ಲಿ ದೋಷದ ಭಾಗವನ್ನಷ್ಟೇ ಮೊದಲಿಗೆ ಹಾಕಿ, ಉಳಿದದ್ದನ್ನು ತಂತ್ರಾಂಶದ ಒಳಗಿನ ಪುಟದಲ್ಲಿ ಇಟ್ಟೆ. ತೊಂದರೆಯ ಸುದ್ದಿ ಮೊದಲು ಬರುವುದು ತಂಡದಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಆದರೆ ಹೊಸ ಲೆಕ್ಕದ ವಿಷಯ ತಡವಾಗಿ ತಿಳಿದರೆ ಅಂಗಡಿಯವರಿಗೆ ನಷ್ಟವಿಲ್ಲ, ಹಳೆಯ ಬಿಲ್‌ನ ವಿಷಯ ತಡವಾಗಿ ತಿಳಿದರೆ ನಷ್ಟವಿದೆ ಎಂದು ನಾನು ವಾದಿಸಿದೆ, ಅದು ಒಪ್ಪಿಗೆಯಾಯಿತು.

ಮುಂದಿನ ಆವೃತ್ತಿಯಲ್ಲಿ ಆ ದೋಷ ಸರಿಯಾಯಿತು. ಚುಟುಕು ಬಗೆಯಲ್ಲಾದರೆ ‘ಹಳೆಯ ಬಿಲ್‌ನ ದೋಷವನ್ನು ಸರಿಪಡಿಸಲಾಗಿದೆ’ ಎಂದಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ನಡುವಿನ ದಿನಗಳಲ್ಲಿ ಯಾರಾದರೂ ತಿದ್ದಿ ಉಳಿಸಿದ್ದ ಬಿಲ್‌ಗಳು ತಾವಾಗಿ ಹಿಂದಿನ ಮೊತ್ತಕ್ಕೆ ಮರಳುವುದಿಲ್ಲ. ಆದ್ದರಿಂದ ಹೀಗೆ ಬರೆದೆ: ‘ಇನ್ನು ಮುಂದೆ ಹಳೆಯ ಬಿಲ್ ತಿದ್ದಿದರೆ, ಸಾಮಾನು ಅಥವಾ ಬೆಲೆಯನ್ನು ನೀವು ಬದಲಾಯಿಸದಿದ್ದರೆ, ಮೊತ್ತ ಬದಲಾಗುವುದಿಲ್ಲ. ಹಿಂದಿನ ಆವೃತ್ತಿಯಲ್ಲಿ ನೀವು ತಿದ್ದಿದ ಬಿಲ್‌ಗಳು ಬದಲಾದ ಮೊತ್ತದಲ್ಲೇ ಉಳಿದಿವೆ. ಅವುಗಳನ್ನು ಗಿರಾಕಿಗೆ ಕೊಟ್ಟ ಪ್ರತಿಯ ಜೊತೆ ತಾಳೆ ನೋಡಿ.’